ಟಿಪ್ ಕೊಟ್ಟವರು ಪ್ರಾಮಾಣಿಕರಾದರೆ ಸಾಲದು: ಸೆಬಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ವಂಚಕರಿದ್ದಾರೆ, ಖಚಿತ ಲಾಭದ ಮಾತು ನಂಬಬೇಡಿ ಎಂದು ನಿಮ್ಮ ಮಂಡಳಿ ಮತ್ತೆ ಮತ್ತೆ ಎಚ್ಚರಿಸುತ್ತದೆ. ಆ ಮಾತು ಸರಿಯಾದದ್ದೇ. ಆದರೆ ನಮ್ಮಂಥ ಸಣ್ಣ ಹೂಡಿಕೆದಾರರ ಬಳಿಗೆ ಟಿಪ್ ಬರುವುದು ವಂಚಕರ ಕೈಯಿಂದಲ್ಲ. ನಮ್ಮ ಜೊತೆ ಕೆಲಸ ಮಾಡಿದವರು, ನೆಂಟರು, ವರ್ಷಗಳಿಂದ ಬಲ್ಲ ಗೆಳೆಯರು ಅದನ್ನು ತಂದುಕೊಡುತ್ತಾರೆ. ನಮ್ಮ ನಿವೃತ್ತರ ಬಳಗದಲ್ಲೂ ಈಚೆಗೆ ಹಾಗೆಯೇ ಆಯಿತು. ಹಿರಿಯರೊಬ್ಬರು ಒಂದು ಸಣ್ಣ ಕಂಪನಿಯ ಹೆಸರು ಹೇಳಿ, "ಕಣ್ಣು ಮುಚ್ಚಿ ತಗೊಳ್ಳಿ, ಮೂರು ತಿಂಗಳಲ್ಲಿ ದುಪ್ಪಟ್ಟು ಗ್ಯಾರಂಟಿ" ಎಂದರು. ತಮ್ಮ ಖಾತೆಯಲ್ಲಿ ಕಾಣುತ್ತಿದ್ದ ಲಾಭವನ್ನೂ ತೋರಿಸಿದರು. ಅವರು ಸುಳ್ಳು ಹೇಳುವವರಲ್ಲ. ತಮಗೆ ಸಿಕ್ಕ ಲಾಭ ನಮಗೂ ಸಿಗಲಿ ಎಂಬುದಷ್ಟೇ ಅವರ ಆಸೆ.

ಅವರ ಮಾತಿಗೆ ಬಳಗದವರ ಮುಂದೆ ನಾನು ಕೊಟ್ಟ ಉತ್ತರವನ್ನೇ ನಿಮ್ಮ ಮುಂದೂ ಇಡುತ್ತಿದ್ದೇನೆ. ಹೇಳಿದವರು ಒಳ್ಳೆಯವರೋ ಅಲ್ಲವೋ ಎಂದು ಕೇಳುತ್ತ ಕೂತರೆ ಈ ವಿಷಯದಲ್ಲಿ ದಾರಿ ತಪ್ಪುತ್ತೇವೆ. ನಾನು ಕೊಳ್ಳುವಾಗ ಮಾರುತ್ತಿರುವವರು ಯಾರು, ನಾನು ಮಾರಹೊರಟಾಗ ಕೊಳ್ಳುವವರು ಇರುತ್ತಾರೆಯೇ ಎಂಬುದನ್ನು ಕೇಳಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಷೇರಿನ ಬೆಲೆ 100 ರೂಪಾಯಿ, ಅದಕ್ಕೆ ದಿನಕ್ಕೆ ಶೇ 5ರ ಮಿತಿ ಇದೆ ಎನ್ನೋಣ. ಅಂದರೆ ಒಂದು ದಿನದಲ್ಲಿ ಅದು ಶೇ 5ಕ್ಕಿಂತ ಹೆಚ್ಚು ಏರುವಂತಿಲ್ಲ, ಇಳಿಯುವಂತೆಯೂ ಇಲ್ಲ. ಸತತ 10 ದಿನ ಅಪ್ಪರ್ ಸರ್ಕ್ಯೂಟ್ ಮುಟ್ಟಿದರೆ ಬೆಲೆ ಸುಮಾರು 163 ಆಗುತ್ತದೆ. ಮೊದಲು ಕೊಂಡವರ ಖಾತೆಯಲ್ಲಿ ಲಕ್ಷ ರೂಪಾಯಿಗೆ 63 ಸಾವಿರ ಲಾಭ ಕಾಣುತ್ತದೆ. ಅವರು ತೋರಿಸಿದ ಅಂಕಿ ನಿಜವೇ, ಆದರೆ ಮಾರಿ ಹಣ ಕೈಗೆ ಬರುವವರೆಗೆ ಅದು ಅಂಕಿ ಮಾತ್ರ. ಆಮೇಲೆ ಗಾಳಿ ತಿರುಗಿ 10 ದಿನ ಲೋವರ್ ಸರ್ಕ್ಯೂಟ್ ಬಿದ್ದರೆ ಬೆಲೆ 97 ರೂಪಾಯಿಯ ಆಸುಪಾಸಿಗೆ ಬರುತ್ತದೆ. ಮೊದಲು ಕೊಂಡವರು ಹೆಚ್ಚುಕಡಿಮೆ ಹೊರಟ ಜಾಗದಲ್ಲೇ ಇರುತ್ತಾರೆ. ಅವರ ಮಾತು ಕೇಳಿ 163ಕ್ಕೆ ಕೊಂಡವರ ಲಕ್ಷ ರೂಪಾಯಿ ಮಾತ್ರ 60 ಸಾವಿರಕ್ಕೆ ಇಳಿದಿರುತ್ತದೆ.

ಬೀಳಲು ಶುರುವಾದ ದಿನವೇ ಮಾರಿಬಿಡಬಹುದಲ್ಲ ಎಂದು ಬಳಗದಲ್ಲಿ ಒಬ್ಬರು ಕೇಳಿದರು. ಲೋವರ್ ಸರ್ಕ್ಯೂಟಿನಲ್ಲಿ ಎಲ್ಲರೂ ಒಂದೇ ಬೆಲೆಗೆ ಮಾರಲು ನಿಂತಿರುತ್ತಾರೆ. ಒಂದೇ ಬೆಲೆಯ ಆರ್ಡರುಗಳಲ್ಲಿ ಮೊದಲು ಬಂದದ್ದಕ್ಕೆ ಮೊದಲ ಸರದಿ. ನಮ್ಮ ಮುಂದೆ 4 ಲಕ್ಷ ಷೇರು ಸಾಲಿನಲ್ಲಿದ್ದು, ಇಡೀ ದಿನಕ್ಕೆ ಕೊಳ್ಳುವವರು 2 ಸಾವಿರ ಷೇರಿಗಷ್ಟೇ ಸಿಕ್ಕರೆ ಸಂಜೆ ಆರ್ಡರ್ ರದ್ದಾಗುತ್ತದೆ. ಮರುದಿನ ಇನ್ನೂ ಕೆಳಗಿನ ಬೆಲೆಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಸ್ಟಾಪ್ ಲಾಸ್ ಹಾಕಿಟ್ಟಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದಕ್ಕೂ ಎದುರಿಗೆ ಕೊಳ್ಳುವವರು ಬೇಕು.

ಇದು ಬರೀ ಊಹೆಯ ಲೆಕ್ಕವಲ್ಲ ಎಂಬುದು ನಿಮಗೆ ಗೊತ್ತಿದೆ. ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದಲ್ಲಿ 2022ರ ಜುಲೈ ಉತ್ತರಾರ್ಧದಲ್ಲಿ ಎರಡು ಯೂಟ್ಯೂಬ್ ಚಾನೆಲ್‌ಗಳಲ್ಲಿ ವಿಡಿಯೊಗಳು ಬಂದವು. ದೊಡ್ಡ ಉದ್ಯಮ ಸಮೂಹವೊಂದು ಕಂಪನಿಯನ್ನು ಕೊಳ್ಳುತ್ತದೆ, ಅಮೆರಿಕದ ಕಂಪನಿಯೊಂದರ ಜೊತೆ ದೊಡ್ಡ ಒಪ್ಪಂದ ಆಗಿದೆ ಎಂಬ ಸುಳ್ಳು ಸುದ್ದಿ ಅವುಗಳಲ್ಲಿತ್ತು. ಹಣ ಕೊಟ್ಟು ಆ ವಿಡಿಯೊಗಳಿಗೆ ಪ್ರಚಾರವನ್ನೂ ಮಾಡಲಾಗಿತ್ತು. ಷೇರಿನ ಬೆಲೆಯೂ ವಹಿವಾಟೂ ಏರಿದವು. ನಿಮ್ಮ ಮಂಡಳಿಯ ಮಧ್ಯಂತರ ಆದೇಶದ ಪ್ರಕಾರ 2,167ರಷ್ಟಿದ್ದ ಸಣ್ಣ ಷೇರುದಾರರ ಸಂಖ್ಯೆ 55,343ಕ್ಕೆ ಏರಿತು. ಆ ಏರುಬೆಲೆಯಲ್ಲಿ ಮಾರಿ ಹೊರಬಂದವರಲ್ಲಿ ಕೆಲವು ಪ್ರವರ್ತಕರೂ ಇದ್ದರು. ಮಧ್ಯಂತರ ಆದೇಶ ಬಂದದ್ದು 2023ರ ಮಾರ್ಚ್‌ನಲ್ಲಿ, ಅಂತಿಮ ಆದೇಶ 2025ರ ಮೇ ತಿಂಗಳಲ್ಲಿ. ಆ ಐವತ್ತು ಸಾವಿರ ಮಂದಿಯಲ್ಲಿ ವಿಡಿಯೊ ನೋಡಿ ಒಳ್ಳೆಯ ಮನಸ್ಸಿನಿಂದ ತಮ್ಮವರಿಗೆ ಹೇಳಿದವರು ಎಷ್ಟು ಜನ ಇದ್ದರೋ! ಅವರು ಯಾರೂ ಅಪರಾಧಿಗಳಲ್ಲ. ಆದರೆ ಅಂಥ ಸಂಚು ಮನೆಮನೆಗೆ ತಲುಪುವುದು ಅವರ ನಂಬಿಕಸ್ತ ಬಾಯಿಯಿಂದಲೇ.

ಹಾಗಾಗಿ ಟಿಪ್ ಹೇಳಿದ ಹಿರಿಯರ ಮೇಲೆ ಬೆರಳು ತೋರದೆ, ಅವರನ್ನೂ ಕೂರಿಸಿಕೊಂಡು ನಾವು ಮೂರು ವಿಷಯ ನೋಡಿದೆವು. ಟಿಪ್‌ನ ಹಿಂದಿರುವ ಸುದ್ದಿಯನ್ನು ಕಂಪನಿಯೇ ಎಕ್ಸ್‌ಚೇಂಜಿಗೆ ತಿಳಿಸಿದೆಯೇ ಎಂಬುದು ಮೊದಲನೆಯದು. ಲಿಸ್ಟ್ ಆದ ಕಂಪನಿ ಬೆಲೆಯನ್ನೇ ಬದಲಿಸುವಂಥ ಒಪ್ಪಂದ ಮಾಡಿಕೊಂಡರೆ ಅದನ್ನು ಎಕ್ಸ್‌ಚೇಂಜಿಗೆ ತಿಳಿಸಲೇಬೇಕು. ಎರಡನೆಯದು, ಇತ್ತೀಚೆಗೆ ಯಾರಿಗಾದರೂ ಅಗ್ಗದ ಬೆಲೆಗೆ ಪ್ರಿಫರೆನ್ಷಿಯಲ್ ಷೇರು ಕೊಟ್ಟಿದ್ದಾರೆಯೇ, ಅದರ ಲಾಕ್-ಇನ್ ಯಾವಾಗ ಮುಗಿಯುತ್ತದೆ ಎಂಬುದು. ಪ್ರವರ್ತಕರಲ್ಲದವರು ಅಂಥ ಷೇರನ್ನು ವಹಿವಾಟಿಗೆ ಅನುಮತಿ ಸಿಕ್ಕ ದಿನದಿಂದ 6 ತಿಂಗಳು ಮಾರುವಂತಿಲ್ಲ. ಆ ಗಡುವು ಮುಗಿಯುವ ಹೊತ್ತಿಗೇ ಟಿಪ್ ಹರಿದಾಡತೊಡಗಿದರೆ ನಮಗೆ ಮಾರಲು ಕಾದಿರುವವರು ಯಾರೆಂದು ಊಹಿಸುವುದು ಕಷ್ಟವಲ್ಲ. ಮೂರನೆಯದು, ಟಿಪ್ ಬರುವ ಮುಂಚಿನ ತಿಂಗಳುಗಳಲ್ಲಿ ದಿನಕ್ಕೆ ಎಷ್ಟು ಷೇರು ಕೈ ಬದಲಾಗುತ್ತಿತ್ತು ಎಂಬುದು. ಗದ್ದಲ ಅಡಗಿದ ಮೇಲೆ ನಾವು ಮಾರಬೇಕಾಗುವುದು ಆ ಪ್ರಮಾಣದ ಪೇಟೆಯಲ್ಲೇ.

ಈ ಮೂರರಿಂದ ವಂಚನೆ ಇದೆಯೆಂದು ಸಾಬೀತಾಗುವುದಿಲ್ಲ. ನಿಜವಾದ ಆರ್ಡರ್ ಸಿಕ್ಕ ಸಣ್ಣ ಕಂಪನಿಯ ಷೇರೂ ಅಪ್ಪರ್ ಸರ್ಕ್ಯೂಟ್ ಮುಟ್ಟಬಹುದು, ಎಕ್ಸ್‌ಚೇಂಜಿಗೆ ಕೊಟ್ಟ ಮಾಹಿತಿಯೇ ಸುಳ್ಳಾಗಿರಲೂಬಹುದು. ಆದರೆ ‘ಗ್ಯಾರಂಟಿ’ ಎಂಬ ಮಾತು ಮಾತ್ರ ಇಲ್ಲಿ ನಿಲ್ಲುವುದಿಲ್ಲ. ನಿಮ್ಮಲ್ಲಿ ನೋಂದಣಿ ಮಾಡಿಸಿಕೊಂಡ ಸಲಹೆಗಾರರೇ ಖಚಿತ ಲಾಭದ ಭರವಸೆ ಕೊಡುವಂತಿಲ್ಲ ಎಂದ ಮೇಲೆ, ನಮ್ಮ ಗೆಳೆಯರು ಎಷ್ಟೇ ಪ್ರಾಮಾಣಿಕರಾದರೂ ಅದನ್ನು ಕೊಡಲಾರರು.

ಅಧ್ಯಕ್ಷರೇ, ನನ್ನವು ಎರಡು ಕೋರಿಕೆಗಳು. ಮೇಲಿನ ಮೂರೂ ಮಾಹಿತಿ ಎಕ್ಸ್‌ಚೇಂಜುಗಳ ಬಳಿ ಈಗಾಗಲೇ ಇದೆ. ಆದರೆ ಅದು ಬೇರೆ ಬೇರೆ ಪುಟಗಳಲ್ಲಿ, ಇಂಗ್ಲಿಷಿನಲ್ಲಿ, ಪರಿಭಾಷೆಯ ನಡುವೆ ಸಿಕ್ಕಿಕೊಂಡಿದೆ. ನಿಗಾದಲ್ಲಿರುವ ಷೇರಿಗೆ ಹಾಕುವ ‘ಎಎಸ್‌ಎಂ’ ಎಂಬ ಗುರುತು ಪಿಂಚಣಿಯ ಹಣ ಹೂಡಹೊರಟವರಿಗೆ ಏನನ್ನೂ ಹೇಳುವುದಿಲ್ಲ. ಸಣ್ಣ ಕಂಪನಿಯ ಷೇರನ್ನು ಕೊಳ್ಳುವ ಗುಂಡಿ ಒತ್ತುವ ಮುನ್ನ, ಗ್ರಾಹಕರು ಆರಿಸಿಕೊಂಡ ಭಾಷೆಯಲ್ಲಿ, "ಈ ಷೇರು ನಿಗಾದಲ್ಲಿದೆ. ದಿನಕ್ಕೆ ಸರಾಸರಿ ಇಷ್ಟೇ ಷೇರು ಮಾರಾಟವಾಗುತ್ತದೆ. ಇಂಥ ದಿನ ಇಷ್ಟು ಷೇರಿನ ಲಾಕ್-ಇನ್ ಮುಗಿಯುತ್ತದೆ" ಎಂಬ ಮೂರು ಸಾಲು ಕಾಣುವಂತೆ ಬ್ರೋಕರುಗಳಿಗೆ ಸೂಚಿಸಿ.

ಇನ್ನೊಂದು, ಬಂದ ಟಿಪ್ ಅನ್ನು ಕನ್ನಡದಲ್ಲಿಯೇ, ಕಳಿಸಿದವರ ಹೆಸರು ಹೇಳಬೇಕಿಲ್ಲದೆ, ನಿಮಗೆ ಮುಟ್ಟಿಸುವ ಸರಳ ದಾರಿಯೊಂದನ್ನು ಮಾಡಿಕೊಡಿ. ಗೆಳೆಯನನ್ನು ದೂರಿನಲ್ಲಿ ಸಿಲುಕಿಸಲು ಯಾರಿಗೂ ಮನಸ್ಸು ಬಾರದು. ಆ ಭಯ ಇಲ್ಲವಾದರೆ ಒಂದೇ ಷೇರಿನ ಹೆಸರು ಏಕಕಾಲಕ್ಕೆ ಹತ್ತೂರುಗಳಲ್ಲಿ ಓಡಾಡುತ್ತಿರುವುದು, ಸಣ್ಣವರು ಏರುಬೆಲೆಗೆ ಕೊಳ್ಳುವ ಮೊದಲೇ ನಿಮ್ಮ ಕಣ್ಣಿಗೆ ಬೀಳುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹೂಡಿಕೆದಾರ