ಜಂತಿ ಎಣಿಸುವವರ ಪರವಾಗಿ

ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಗಾದೆ ನಮ್ಮ ಧಾರವಾಡದ ಕಡೆ ಇನ್ನೂ ಚಲಾವಣೆಯಲ್ಲಿದೆ. ಬೀಗರ ಮನೆಗೂ ಗೆಳೆಯರ ಮನೆಗೂ ಅದು ಸರಿಯಾದ ಮಾತು. ಆದರೆ ರಾತ್ರಿಗೆ ಇಷ್ಟು ಎಂದು ಮುಂಗಡ ಎಣಿಸಿಕೊಂಡ ಮನೆಗೂ ಅದೇ ಗಾದೆಯನ್ನು ಹೊದಿಸುವವರ ಜೊತೆ ನನ್ನ ತಕರಾರು ಇದೆ. ಅಲ್ಲಿ ನಾನು ಉಂಡವನಲ್ಲ, ಕೊಂಡವನು. ನನ್ನ ನಂತರ ಅದೇ ಕೋಣೆಗೆ ಬರುವವನು ನನ್ನ ಮಾತು ನಂಬಿ ದುಡ್ಡು ಕೊಡುತ್ತಾನೆ. ಅವನ ಪಾಲಿಗೆ ನಾನು ಜಂತಿ ಎಣಿಸಲೇಬೇಕು.

ಸಪ್ತಾಪುರದ ಹೋಮ್‌ಸ್ಟೇಗಳ ಬಗ್ಗೆ ಬಂದುಹೋದವರು ಬರೆದದ್ದನ್ನು ಓದಿ ನೋಡಿ. ‘ಮನೆಯ ವಾತಾವರಣ, ಪ್ರೀತಿಯ ಜನ, ಒಳ್ಳೆಯ ಜಾಗ’ ಎಂದು ಬರೆದು ಐದಕ್ಕೆ ಐದು ಕೊಟ್ಟಿರುತ್ತಾರೆ. ಇಲ್ಲವೇ ಒಬ್ಬ ಸಿಟ್ಟಿನವನು ‘ಗದ್ದಲ, ಹೋಗಬೇಡಿ’ ಎಂದು ಬರೆದು ಒಂದು ಕೊಟ್ಟಿರುತ್ತಾನೆ. ಎರಡರಿಂದಲೂ ಮುಂದಿನವನಿಗೆ ಏನೂ ತಿಳಿಯುವುದಿಲ್ಲ. ಇವೆರಡರ ನಡುವೆ ಮೂರು ಕೊಡುವುದೇ ಸಮತೋಲ ಎಂದು ತಿಳಿದವರೂ ಇದ್ದಾರೆ. ಅವಲಕ್ಕಿಯ ರುಚಿಯನ್ನೂ ಬಚ್ಚಲಿನ ವಾಸನೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದು ಸತ್ಯವಲ್ಲ, ಬರೀ ಲೆಕ್ಕ. ಒಂದೊಂದನ್ನೂ ಬೇರೆ ಬೇರೆ ಹೇಳಬೇಕು, ಯಾವುದು ಮನೆಯವರ ಕೈಯಲ್ಲಿದೆ, ಯಾವುದು ಇಲ್ಲ ಎಂಬುದನ್ನೂ ಹೇಳಬೇಕು.

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಳೆದ ಮಳೆಗಾಲದಲ್ಲಿ ಸಪ್ತಾಪುರದ ಒಂದು ಮನೆಯ ಮೇಲಂತಸ್ತಿನಲ್ಲಿ ಎರಡು ರಾತ್ರಿ ಇದ್ದೆ. ಹೆಸರು ಬೇಡ, ಮನೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಯಜಮಾನರು ಕೆಳಗೇ ವಾಸವಾಗಿದ್ದರು. ಇದನ್ನು ಮೊದಲು ಬರೆಯಬೇಕು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಯೋಜನೆಯ ಪ್ರಕಾರ ಮನೆಯವರು ಅಲ್ಲೇ ಇರಬೇಕು, ಬಾಡಿಗೆಗೆ ಕೊಡುವ ಕೋಣೆ ಆರನ್ನು ಮೀರಬಾರದು. ಪರೀಕ್ಷೆಗೆ ಓದುವ ಹುಡುಗರ ಪೇಯಿಂಗ್ ಗೆಸ್ಟ್ ಕೋಣೆಗಳಿಗೆ ಪರದೆ ಕಟ್ಟಿ ಹೋಮ್‌ಸ್ಟೇ ಎಂದು ಬೋರ್ಡು ಹಾಕುವುದು ಸುಲಭವಾಗಿರುವ ಬಡಾವಣೆಯಲ್ಲಿ ಈ ಒಂದು ಸಾಲು ಬಹಳ ಕೆಲಸ ಮಾಡುತ್ತದೆ.

ಸ್ವಚ್ಛತೆ ಎಂದರೆ ಬಿಳಿ ಚಾದರವಲ್ಲ. ಚಾದರ ಎಲ್ಲರೂ ಬದಲಿಸುತ್ತಾರೆ. ನಾನು ದಿಂಬಿನ ಗವಸು ತೆಗೆದು ಒಳಗಿನ ಬಟ್ಟೆ ನೋಡುತ್ತೇನೆ. ಗಾದಿಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸುತ್ತೇನೆ. ಮಸಿ ಸಿಡಿದಂಥ ಸಣ್ಣ ಕಪ್ಪು ಚುಕ್ಕಿಗಳಿದ್ದರೆ ತಗಣಿ ಇದೆ ಎಂದರ್ಥ. ಈ ಮನೆಯಲ್ಲಿ ಎರಡೂ ಚೊಕ್ಕ ಇದ್ದವು. ಆದರೆ ಧಾರವಾಡದಲ್ಲಿ ನೋಡಬೇಕಾದದ್ದು ಮತ್ತೊಂದಿದೆ, ಅದು ನೀರು. ಮಲಪ್ರಭೆಯ ನೀರು ಈ ಊರಿನ ಬಹಳಷ್ಟು ಓಣಿಗಳಿಗೆ ದಿನಗಟ್ಟಲೆ ಬಿಟ್ಟು ಬಿಟ್ಟು ಬಂದದ್ದೇ ರೂಢಿ. ಅವಳಿ ನಗರದ ಕೆಲವೇ ವಾರ್ಡುಗಳಿಗೆ 2008ರಲ್ಲಿ ಇಪ್ಪತ್ತನಾಲ್ಕು ತಾಸು ನೀರು ಬಂದಾಗ ಉಳಿದವರು ಹೊಟ್ಟೆಕಿಚ್ಚುಪಟ್ಟದ್ದು ನಮಗೆ ನೆನಪಿದೆ. ಹಾಗಾಗಿ ಮನೆಮನೆಗೂ ಟಾಕಿ, ಡ್ರಮ್ಮು. ಡೆಂಗಿ ಸೊಳ್ಳೆ ತತ್ತಿಯಿಂದ ಹಾರುವ ಸೊಳ್ಳೆಯಾಗಲು ಬೇಕಾದದ್ದು ಒಂದು ವಾರ, ಹತ್ತು ದಿನ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ತಿಕ್ಕಿರಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಮುಂದಿನ ನೀರು ಎಂದು ಬಂದೀತೋ ತಿಳಿಯದವರು ಇದ್ದ ನೀರನ್ನು ಹೇಗೆ ಚೆಲ್ಲಿಯಾರು? ಹೀಗಾಗಿ ಟಾಕಿ ಬರಿದಾಗಿಲ್ಲ ಎಂದು ಮನೆಯವರನ್ನು ಬಯ್ಯುವುದು ಅನ್ಯಾಯ. ಅದಕ್ಕೆ ಮುಚ್ಚಳವಿಲ್ಲ ಎಂದು ಬರೆಯದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ. ಈ ಮನೆಯ ಮಾಳಿಗೆಯ ಮೇಲಿನ ಡ್ರಮ್ಮಿಗೆ ಮುಚ್ಚಳವಿರಲಿಲ್ಲ, ಒಳಗೆ ಹುಳ ಕುಣಿಯುತ್ತಿದ್ದವು. ಯಜಮಾನರಿಗೆ ತೋರಿಸಿದೆ. ಮರುದಿನ ಮುಂಜಾನೆಯೇ ನೀರು ಚೆಲ್ಲಿ, ತಿಕ್ಕಿ, ಮುಚ್ಚಳ ಹಾಕಿದರು. ಈ ಎರಡೂ ಮಾತು ನನ್ನ ಬರಹದಲ್ಲಿ ಬರಬೇಕು, ಮೊದಲನೆಯದು ಎರಡನೆಯದನ್ನು ನುಂಗಬಾರದು, ಎರಡನೆಯದು ಮೊದಲನೆಯದನ್ನೂ ನುಂಗಬಾರದು.

ಗದ್ದಲದ ಮಾತಿಗೂ ಹೀಗೇ. ಗದ್ದಲವಿದೆ ಎಂದರೆ ಯಾರಿಗೂ ಉಪಯೋಗವಿಲ್ಲ. ಯಾವ ಕೋಣೆಯಲ್ಲಿ, ಎಷ್ಟು ಹೊತ್ತಿಗೆ, ಯಾವುದರ ಗದ್ದಲ ಎಂದು ಹೇಳಬೇಕು. ಅಲ್ಲಿ ನಡುರಾತ್ರಿ ದಾಟಿ ಎರಡು ಗಂಟೆಗೆ ನಳ ಬಂತು. ಓಣಿಯ ಮೋಟರುಗಳೆಲ್ಲ ಒಮ್ಮೆಲೇ ಎದ್ದು ಮುಕ್ಕಾಲು ತಾಸು ಕೂಗಿದವು. ಇದು ಮನೆಯವರ ತಪ್ಪಲ್ಲ, ನೀರು ಬಿಡುವವರ ವೇಳಾಪಟ್ಟಿಯದು. ರಸ್ತೆಬದಿಯ ಕೋಣೆಗೆ ನಸುಕಿನ ಐದಕ್ಕೆ ಕೋಚಿಂಗ್ ಹುಡುಗರ ಬೈಕು ಶುರು, ಹಿಂದಿನ ಕೋಣೆಗೆ ಅದು ಕೇಳಿಸದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ನಿಯಮವಿದೆ. ಆ ಹೊತ್ತಿನಲ್ಲಿ ಮೈಕು ಕೂಗಿದರೆ ಅದನ್ನು ಮನೆಯ ಲೆಕ್ಕಕ್ಕೆ ಹಾಕದೆ ಓಣಿಯ ಲೆಕ್ಕಕ್ಕೆ ಹಾಕಬೇಕು. ಜಾಗವೂ ಬರುವವನ ಕೆಲಸದ ಮೇಲೆ ಅಳೆಯುವ ವಸ್ತು. ಕರ್ನಾಟಕ ಕಾಲೇಜಿಗೆ ಬಂದವನಿಗೆ ಇದು ಕಾಲ್ನಡಿಗೆಯ ದೂರ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದು ಜ್ಯುಬಿಲಿ ಸರ್ಕಲ್ಲಿಗೆ ಇಳಿದವನು, ಪೆಟ್ಟಿಗೆ ಇದ್ದರೆ, ಆಟೋ ಹಿಡಿಯಲೇಬೇಕು. ‘ಊರ ನಡುವೆ’ ಎಂಬ ಮಾತು ಇಬ್ಬರಿಗೂ ಏನನ್ನೂ ಹೇಳುವುದಿಲ್ಲ.

ಇನ್ನು ಮನೆಯವರ ನಡತೆ. ಎಲ್ಲರೂ ನುಣುಚಿಕೊಳ್ಳುವುದು ಇಲ್ಲಿಯೇ. ಆ ಮನೆಯ ಯಜಮಾನರು ನನ್ನ ಅಡ್ಡಹೆಸರು ಕೇಳಿದರು. ಅದು ಸಾಲದೆ, “ಅಂದ್ರ ನೀವು ಯಾವ ಪೈಕಿ?” ಎಂದರು. ಉತ್ತರ ಅವರಿಗೆ ಒಪ್ಪಿಗೆಯಾಯಿತೆಂದು ಕಾಣುತ್ತದೆ. ಮುಂಜಾನೆ ಕೆಳಗೆ ಕರೆದು, ತಾಟಿನಲ್ಲಿ ಅವಲಕ್ಕಿ, ಮೇಲೆ ಮೊಸರು ಕೊಟ್ಟರು. ಪಕ್ಕದ ಕೋಣೆಯಲ್ಲಿ ಸಿಂದಗಿ ಕಡೆಯ ಹುಡುಗನೊಬ್ಬ ಪರೀಕ್ಷೆಗೆಂದು ತಾಯಿಯ ಜೊತೆ ಬಂದಿದ್ದ. ಅವನಿಗೂ ಅದೇ ಪ್ರಶ್ನೆ. ಅವನ ಅವಲಕ್ಕಿ ಕಾಗದದ ಪ್ಲೇಟಿನಲ್ಲಿ ಮೇಲಕ್ಕೇ ಹೋಯಿತು. ಬಾಡಿಗೆ ಇಬ್ಬರದೂ ಒಂದೇ. ನಾನು ಕೇಳಿದ್ದಕ್ಕೆ ಯಜಮಾನರು, “ಹಂಗ ಕೇಳೋದು ರೂಢಿ ಅದರಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ” ಎಂದು ನಕ್ಕರು.

ಈಗ ಹೇಳಿ, ‘ಪ್ರೀತಿಯ ಜನ’ ಎಂದು ನಾನು ಬರೆದರೆ ಅದು ಸುಳ್ಳೇ? ನನ್ನ ಮಟ್ಟಿಗೆ ಅಲ್ಲ. ಆದರೆ ಅದನ್ನು ನಂಬಿ ಬರುವ ಮುಂದಿನ ಹುಡುಗನ ಪಾಲಿಗೆ ಅದು ಶುದ್ಧ ಮೋಸ. ಪ್ರೀತಿ ನನಗೆ ಸಿಕ್ಕದ್ದು ನನ್ನ ಅಡ್ಡಹೆಸರಿಗೆ. ಇದು ಬರೀ ಶಿಷ್ಟಾಚಾರದ ಪ್ರಶ್ನೆಯೂ ಅಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹೋಟೆಲ್ ಎಂಬ ಮಾತಿನಲ್ಲಿಯೇ ದುಡ್ಡಿಗೆ ಊಟ ಹಾಕುವ, ಇಳಿದುಕೊಳ್ಳಲು ಜಾಗ ಕೊಡುವ ಮನೆಗಳನ್ನೂ ಸೇರಿಸಿದೆ. ಮನೆ ನಮ್ಮದು, ನಮ್ಮ ರೀತಿ ನಮ್ಮದು ಎನ್ನುವವರು ಬೋರ್ಡು ಇಳಿಸಲಿ, ಆಮೇಲೆ ಅನ್ನಲಿ.

ಅವರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ನಾಲ್ಕು ಸಾಲಿನ ಸತ್ಯಕ್ಕೆ ಯಾರ ಹೊಟ್ಟೆಯೂ ಒಡೆಯುವುದಿಲ್ಲ. ನಾನು ಬರೆದದ್ದು ಇಷ್ಟು: ‘ಯಜಮಾನರು ಅಲ್ಲೇ ಇರುತ್ತಾರೆ. ಹಾಸಿಗೆ ಚೊಕ್ಕ. ಮಾಳಿಗೆಯ ಡ್ರಮ್ಮಿಗೆ ಮುಚ್ಚಳವಿರಲಿಲ್ಲ, ಹೇಳಿದ ಮರುದಿನ ತೊಳೆದು ಹಾಕಿದರು. ನಳ ಬಂದ ರಾತ್ರಿ ಎರಡಕ್ಕೆ ಮೋಟರುಗಳ ಸದ್ದು. ನಿದ್ದೆ ಬೇಕಾದವರು ಹಿಂದಿನ ಕೋಣೆ ಕೇಳಿ. ಕರ್ನಾಟಕ ಕಾಲೇಜಿಗೆ ನಡೆದು ಹೋಗಬಹುದು. ಜಾತಿ ಕೇಳುತ್ತಾರೆ, ಇಬ್ಬರು ಅತಿಥಿಗಳಿಗೆ ಬೇರೆ ಬೇರೆ ರೀತಿ ತಿಂಡಿ ಕೊಟ್ಟದ್ದನ್ನು ಕಂಡಿದ್ದೇನೆ.’ ನಕ್ಷತ್ರ ಎಷ್ಟು ಎಂದು ಕೇಳಿದಲ್ಲಿ ಏನನ್ನೂ ಹಾಕಲಿಲ್ಲ. ಕೊನೆಯ ಸಾಲನ್ನು ಯಾವ ಮೊಸರವಲಕ್ಕಿಯ ಜೊತೆ ಕೂಡಿಸಿ ಭಾಗಿಸಬೇಕೆಂದು ಬಲ್ಲವರು ತಿಳಿಸಲಿ.