ದೂರಕ್ಕೆ ಕೂಗುವ ಲೆಕ್ಕ

ಊರಿನಲ್ಲಿ ಜಮೀನು ಬಿಟ್ಟು ಬಂದ ನಮ್ಮಂಥವರು ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಬೋರ್‌ವೆಲ್ಲಿಗೆ ಬಂದು ನಿಲ್ಲುತ್ತದೆ. ಈಚೆಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ಮೊಬೈಲ್ ಸಿಗ್ನಲ್ಲೇ ಇಲ್ಲದ ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಇಟ್ಟರೆ ಅದು ಮನೆಗೆ ಸುದ್ದಿ ಮುಟ್ಟಿಸುವುದು ಹೇಗೆ? ಅದಕ್ಕೆಂದೇ ಇರುವ ರೇಡಿಯೋ ತಂತ್ರ ಲೋರಾ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸೈಕ್ಲಿಯೋ ಎಂಬ ಚಿಕ್ಕ ಕಂಪನಿಯಲ್ಲಿ ಹುಟ್ಟಿದ್ದನ್ನು 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡಿತು. ನಮ್ಮ ದೇಶದಲ್ಲಿ ಇದು 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಆ ಜಾಗ 2005ರಿಂದಲೂ ಲೈಸೆನ್ಸ್ ಬೇಡದ ಜಾಗ, ಹಾಗಾಗಿ ಯಾರ ಅಪ್ಪಣೆಯೂ ಬೇಕಿಲ್ಲ, ತಿಂಗಳ ಬಿಲ್ಲೂ ಇಲ್ಲ.

ಇಂಥ ಸೆನ್ಸರ್ ಮಾರುವವರು ಡಬ್ಬದ ಮೇಲೆ ಎರಡು ಸಂಖ್ಯೆ ಅಚ್ಚು ಹಾಕಿಸಿರುತ್ತಾರೆ: ದೂರ 10 ಕಿಲೋಮೀಟರ್, ಬ್ಯಾಟರಿ 10 ವರ್ಷ. ಎರಡೂ ಸುಳ್ಳಲ್ಲ. ಆದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ತಗೊಳ್ಳಬೇಕು. ಆ ಕೊಡು-ಕೊಳ್ಳುವಿಕೆಯ ಲೆಕ್ಕವನ್ನೇ ಈ ಸಲ ನೋಡೋಣ.

ನನ್ನ ಅಕ್ಕನನ್ನು ಕೊಟ್ಟಿರುವುದು ತಾಳವಾಡಿಗೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಅದು ತಮಿಳುನಾಡಿನ ಈರೋಡ್ ಜಿಲ್ಲೆ, ಮನೆಮಾತು ಕನ್ನಡ. ಸತ್ಯಮಂಗಲದಿಂದ ಹೋದರೆ ದಿಂಬಂ ಘಾಟಿಯ 27 ತಿರುವು ಹತ್ತಬೇಕು, ಚಾಮರಾಜನಗರದ ಕಡೆಯಿಂದಾದರೆ ಸಲೀಸು. ಭಾವನ ಅರಿಶಿನದ ಹೊಲ ಮನೆಯಿಂದ ಎರಡೂವರೆ ಕಿಲೋಮೀಟರ್ ದೂರದಲ್ಲಿ, ಕಾಡಿನ ಅಂಚಿಗಿದೆ. ಅರಿಶಿನಕ್ಕೆ ನೀರು ಕಮ್ಮಿಯಾದರೆ ಗೆಡ್ಡೆ ಊದುವುದಿಲ್ಲ, ಹೆಚ್ಚಾದರೆ ಕೊಳೆಯುತ್ತದೆ. ಪಂಪಿಗೆ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ. ಆನೆಗಳು ಬರುವುದೂ ರಾತ್ರಿಯೇ. ಇವತ್ತು ನೀರು ಬಿಡಲೇಬೇಕೋ, ನಾಳೆಗೆ ತಳ್ಳಬಹುದೋ ಎಂಬುದು ಮನೆಯಲ್ಲೇ ಗೊತ್ತಾದರೆ ವಾರದಲ್ಲಿ ಎರಡು ರಾತ್ರಿಯಾದರೂ ಅವರು ಹೊರಗೆ ಕಾಲಿಡಬೇಕಿಲ್ಲ. ಅಕ್ಕ ಇದನ್ನು ಕೇಳಿದ್ದು ಅದಕ್ಕೇ.

ಲೋರಾ ದೂರ ಹೋಗುವುದು ಹೇಗೆ? ಹೊಲದಾಚೆ ಇರುವವರನ್ನು ನಾವು ಕರೆಯುವ ರೀತಿಯನ್ನೇ ನೆನೆಸಿಕೊಳ್ಳಿ. ಪಕ್ಕದಲ್ಲಿದ್ದರೆ 'ರಾಜ' ಅಂದರೆ ಸಾಕು. ದೂರದಲ್ಲಿದ್ದರೆ 'ರಾ...ಜಾ...' ಎಂದು ಎಳೆಯುತ್ತೇವೆ. ಗಂಟಲಿನ ಬಲ ಅಷ್ಟೇ, ಎಳೆದದ್ದರಿಂದ ಗಾಳಿಯ ಸದ್ದಿನ ನಡುವೆಯೂ ಕಿವಿ ಅದನ್ನು ಹೆಕ್ಕಿಕೊಳ್ಳುತ್ತದೆ. ಲೋರಾದಲ್ಲಿ ಈ ಎಳೆತಕ್ಕೆ SF7ರಿಂದ SF12ರವರೆಗೆ ಆರು ಮೆಟ್ಟಿಲಿವೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಒಂದು ಸಂಕೇತಕ್ಕೆ ಹಿಡಿಯುವ ಕಾಲ ಎರಡು ಪಟ್ಟಾಗುತ್ತದೆ, ಪ್ರತಿಯಾಗಿ ಸಿಗುವುದು 2.5 ಡೆಸಿಬಲ್‌ನಷ್ಟು ಚುರುಕು ಕಿವಿ.

ನಮ್ಮ ಸೆನ್ಸರ್ ಕಳಿಸುವುದು ಎಂಟೇ ಬೈಟ್: ಎರಡು ಆಳದ ತೇವ, ಉಷ್ಣತೆ, ಬ್ಯಾಟರಿಯ ವೋಲ್ಟೇಜ್. ಅದರ ಮೇಲೆ ಲೋರಾವ್ಯಾನ್‌ನ ಹೊದಿಕೆ 13 ಬೈಟ್. ಈ 21 ಬೈಟ್ ಗಾಳಿಯಲ್ಲಿ ಇರುವ ಸಮಯ SF7ರಲ್ಲಿ 57 ಮಿಲಿಸೆಕೆಂಡ್, SF12ರಲ್ಲಿ ಹತ್ತಿರ ಹತ್ತಿರ ಒಂದೂವರೆ ಸೆಕೆಂಡ್. ಅಂದರೆ 26 ಪಟ್ಟು. ಇಷ್ಟು ತೆತ್ತು ಒಟ್ಟು ಗಳಿಸಿದ್ದು 12.5 ಡೆಸಿಬಲ್. ಈ 12.5 ಎಂಬುದನ್ನು ನೆನಪಿಟ್ಟುಕೊಳ್ಳಿ.

ತಾಳವಾಡಿಗೆ ಒಯ್ಯುವ ಮುಂಚೆ ಎಲ್ಲವನ್ನೂ ನಾನಿರುವ ಶೋಳಿಂಗನಲ್ಲೂರಿನಲ್ಲಿ ಓಡಿಸಿ ನೋಡಿದೆ. ಸಂದೇಶ ಹಿಡಿಯುವ ಗೇಟ್‌ವೇಯನ್ನು ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ಸುಮಾರು 30 ಮೀಟರ್ ಎತ್ತರದಲ್ಲಿ ಇಟ್ಟು, ಸೆನ್ಸರನ್ನು ಕೈಯಲ್ಲಿ ಹಿಡಿದು ಬಕಿಂಗ್‌ಹ್ಯಾಮ್ ಕಾಲುವೆ ದಾಟಿ ಅಕ್ಕರೈ ತನಕ ನಡೆದೆ. ಇದೂ ಹೆಚ್ಚುಕಮ್ಮಿ ಎರಡೂವರೆ ಕಿಲೋಮೀಟರ್. SF7ರಲ್ಲೇ ಒಂದೂ ಬಿಡದೆ ಬಂತು. ತಾಳವಾಡಿಯಲ್ಲಿ ಅದೇ ದೂರ, ಅದೇ ಪೆಟ್ಟಿಗೆ, SF7ರಲ್ಲಿ ಒಂದೂ ಬರಲಿಲ್ಲ. SF10ಕ್ಕೆ ಹೋದಮೇಲೆ ಬರತೊಡಗಿತು, ಮಳೆ ಹನಿದರೆ ಅದೂ ತಪ್ಪುತ್ತಿತ್ತು.

ವ್ಯತ್ಯಾಸ ಎತ್ತರದ್ದು. ದೂರದ ರೇಡಿಯೋ ಅಲೆ ನೇರವಾಗಿಯೂ ಬರುತ್ತದೆ, ನೆಲಕ್ಕೆ ತಾಗಿ ಪುಟಿದೂ ಬರುತ್ತದೆ. ಎರಡೂ ತುದಿ ತಗ್ಗಿನಲ್ಲಿದ್ದರೆ ಈ ಎರಡು ಅಲೆಗಳು ಬಹುಪಾಲು ಒಂದನ್ನೊಂದು ಅಳಿಸಿಹಾಕುತ್ತವೆ. ಇದಕ್ಕೊಂದು ಸರಳ ಸೂತ್ರವಿದೆ:

```
L = 40 log10(d) - 20 log10(h1) - 20 log10(h2)
```

d ದೂರ, h1 ಮತ್ತು h2 ಎರಡು ಆಂಟೆನಾಗಳ ಎತ್ತರ, ಎಲ್ಲವೂ ಮೀಟರಿನಲ್ಲಿ. L ಎಂದರೆ ದಾರಿಯಲ್ಲಿ ಕಳೆದುಹೋಗುವ ಡೆಸಿಬಲ್. ಶೋಳಿಂಗನಲ್ಲೂರಿನಲ್ಲಿ ಒಂದು ತುದಿ 30 ಮೀಟರ್, ನನ್ನ ಕೈ ಒಂದೂವರೆ ಮೀಟರ್, ನಷ್ಟ 103. ತಾಳವಾಡಿಯಲ್ಲಿ ಭಾವನ ಮನೆಯ ಕಂಬ 6 ಮೀಟರ್, ಅರಿಶಿನದ ಬುಡದಲ್ಲಿದ್ದ ಸೆನ್ಸರ್ ಅರ್ಧ ಮೀಟರ್, ನಷ್ಟ 126. ಬರೀ ಎತ್ತರದಿಂದ 23 ಡೆಸಿಬಲ್ ಕೈಬಿಟ್ಟಿತು. SF12ರವರೆಗೆ ಹತ್ತಿದರೂ ತುಂಬಿಕೊಳ್ಳಬಹುದಾದದ್ದು 12.5 ಮಾತ್ರ. ಅದರ ಮೇಲೆ ಒದ್ದೆ ಎಲೆಗಳು ನುಂಗುವ ಪಾಲು ಬೇರೆ. ಹಾಗಾಗಿ ಯಾರಾದರೂ 'ನಮ್ಮ ಸೆನ್ಸರ್ ಇಷ್ಟು ಕಿಲೋಮೀಟರ್ ಹೋಗುತ್ತದೆ' ಎಂದರೆ ನಾನು ಮೊದಲು ಕೇಳುವುದು, ಯಾವ ಎತ್ತರದಿಂದ ಯಾವ ಎತ್ತರಕ್ಕೆ ಎಂದು.

ಈಗ ಅದೇ ಸೂತ್ರವನ್ನು ನಮಗೆ ಅನುಕೂಲವಾಗುವಂತೆ ತಿರುಗಿಸೋಣ. ಸೆನ್ಸರಿನ ಆಂಟೆನಾವನ್ನು ಅರ್ಧ ಮೀಟರಿನಿಂದ ಎರಡು ಮೀಟರಿಗೆ ಏರಿಸಿದರೆ ಲೆಕ್ಕದ ಪ್ರಕಾರ 12 ಡೆಸಿಬಲ್ ಲಾಭ. SF7ರಿಂದ SF12ರವರೆಗಿನ ಇಡೀ ಏಣಿ ಕೊಡುವಷ್ಟು ಒಂದು ಪಿವಿಸಿ ಪೈಪಿನಲ್ಲಿ ಸಿಗುತ್ತದೆ, ಅದೂ ಬ್ಯಾಟರಿಯ ಒಂದು ಹನಿ ಖರ್ಚಿಲ್ಲದೆ. ತೇವದ ಕಡ್ಡಿ ಮಣ್ಣಿನಲ್ಲೇ ಇರುತ್ತದೆ, ತಂತಿ ಎಳೆದು ಪೆಟ್ಟಿಗೆಯನ್ನಷ್ಟೇ ಮೇಲೆ ಕಟ್ಟುವುದು. ನೆಲ ಕಾಗದದಷ್ಟು ಸಮತಟ್ಟಲ್ಲವಾದ್ದರಿಂದ ನಮಗೆ ದಕ್ಕಿದ್ದು 9. ಆದರೆ ಎರಡು ಮೀಟರ್ ಎಂದರೆ ಅರಿಶಿನದ ಎಲೆಗಳಿಂದ ಮೇಲೆ, ಆದ್ದರಿಂದ ಎಲೆ ನುಂಗುತ್ತಿದ್ದ ಪಾಲೂ ಉಳಿಯಿತು. SF7ರಲ್ಲೇ ಬರತೊಡಗಿತು. (ಆನೆ ಬಂದರೆ ಪೈಪು ಉಳಿಯುವುದಿಲ್ಲ, ಅದು ಬೇರೆ ಮಾತು. ಅದಕ್ಕೆ ಸೂತ್ರವಿಲ್ಲ.)

ಭಾವ ಪೈಪನ್ನು ಅಲ್ಲಾಡಿಸಿ ನೋಡುತ್ತ, "ಅಲ್ಲಪ್ಪ, ಇದು ದಿನಕ್ ಎಷ್ಟ್ ಸಲ ಕೂಗ್ತದ?" ಎಂದರು.

"ಕಾಲು ಗಂಟೆಗೊಂದ್ಸಲ ಭಾವ. ತೊಂಬತ್ತಾರು ಸಲ."

"ಅಷ್ಟ್ ಕೂಗುದ್ರ ಬ್ಯಾಟ್ರಿ ನಿಂತದ?"

ಈ ಪ್ರಶ್ನೆಯ ಉತ್ತರ ನಾವು ಊಹಿಸುವಂತೆ ಇಲ್ಲ. ಕಳಿಸುವಾಗ ರೇಡಿಯೋ 40 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 96 ಸಂದೇಶಕ್ಕೆ SF7ರಲ್ಲಿ ದಿನಕ್ಕೆ 0.06 ಮಿಲಿಆಂಪ್-ಅವರ್, SF12ರಲ್ಲಿ 1.6. ಮಣ್ಣಿನ ಕಡ್ಡಿಯನ್ನು ಪ್ರತಿಸಲ ಒಂದು ಸೆಕೆಂಡ್ ಎಬ್ಬಿಸಲು ದಿನಕ್ಕೆ 0.27, ಪೆಟ್ಟಿಗೆ ಮಲಗಿದ್ದಾಗ 10 ಮೈಕ್ರೋಆಂಪ್‌ನಂತೆ 0.24. ಈ ಎರಡು ಖರ್ಚು ಯಾವ ಮೆಟ್ಟಿಲಿನಲ್ಲಿದ್ದರೂ ತಪ್ಪಿದ್ದಲ್ಲ. ಕಳಿಸಿದ ಮೇಲೆ ಉತ್ತರಕ್ಕೆ ಕಿವಿಗೊಡುವ ಚಿಲ್ಲರೆಯನ್ನೂ ಸೇರಿಸಿದರೆ SF7ಕ್ಕೆ ಸುಮಾರು 0.6, SF12ಕ್ಕೆ 2.1. 2400 ಮಿಲಿಆಂಪ್-ಅವರ್‌ನ ಪೆನ್‌ಸೆಲ್ ಗಾತ್ರದ ಲಿಥಿಯಂ ಸೆಲ್ಲಿಗೆ ಕಾಗದದ ಮೇಲೆ 11 ವರ್ಷ ಒಂದು ಕಡೆ, 3 ವರ್ಷ ಇನ್ನೊಂದು ಕಡೆ. ಗಾಳಿಯಲ್ಲಿ 26 ಪಟ್ಟು ಇದ್ದದ್ದು ಬ್ಯಾಟರಿಯಲ್ಲಿ ಮೂರೂವರೆ ಪಟ್ಟಾಯಿತು.

ಹಾಗಾದರೆ ಎಷ್ಟೋ ಹೊಲಗಳಲ್ಲಿ ಬ್ಯಾಟರಿ ಮೂರೇ ತಿಂಗಳಿಗೆ ಸಾಯುವುದೇಕೆ? ಹೆಚ್ಚಿನ ಸಲ ರೇಡಿಯೋ ಕಾರಣವಲ್ಲ. ಕಲಿಯಲು ಮಾಡಿದ ಅಗ್ಗದ ಬೋರ್ಡನ್ನೇ ತಂದು ನೆಟ್ಟಿರುತ್ತಾರೆ. ಅದರಲ್ಲಿ ಸದಾ ಉರಿಯುವ ಪುಟ್ಟ ಕೆಂಪು ದೀಪ ಮತ್ತು ವೋಲ್ಟೇಜ್ ರೆಗ್ಯುಲೇಟರ್ ಸೇರಿ ಒಂದು ಮಿಲಿಆಂಪ್ ಕುಡಿದರೂ ದಿನಕ್ಕೆ 24 ಮಿಲಿಆಂಪ್-ಅವರ್ ಆಯಿತು, ನೂರೇ ದಿನಕ್ಕೆ ಸೆಲ್ ಖಾಲಿ. SF ಬಗ್ಗೆ ಚರ್ಚೆ ಮಾಡುವ ಮುಂಚೆ ಮಲಗಿದ ಪೆಟ್ಟಿಗೆಗೆ ಮೀಟರ್ ಹಚ್ಚಿ ಒಮ್ಮೆ ನೋಡಿ.

SF12ರ ನಿಜವಾದ ಬೆಲೆ ತೆರುವವರು ನೆರೆಯವರು. ಒಬ್ಬ ಒಂದೂವರೆ ಸೆಕೆಂಡ್ ಕೂಗುತ್ತಿರುವಾಗ ಅದೇ ಚಾನೆಲ್ಲಿನಲ್ಲಿ ಅದೇ ಮೆಟ್ಟಿಲಲ್ಲಿ ಇನ್ನೊಬ್ಬ ಬಾಯಿ ತೆರೆದರೆ ಇಬ್ಬರದೂ ಕೆಡಬಹುದು. ಇವತ್ತು ಭಾವನ ಹೊಲದಲ್ಲಿ ನಾಲ್ಕು ಪೆಟ್ಟಿಗೆ, ಏನೂ ತೊಂದರೆಯಿಲ್ಲ. ಊರಿನಲ್ಲಿ ಇನ್ನೂರಾದರೆ ಆಗ ಗೊತ್ತಾಗುತ್ತದೆ.

ಮೆಟ್ಟಿಲು ಹತ್ತುವುದು ಇಳಿಯುವುದನ್ನು ಲೋರಾವ್ಯಾನ್ ತಾನೇ ನೋಡಿಕೊಳ್ಳಬಲ್ಲದು, ಅದಕ್ಕೆ ADR ಎನ್ನುತ್ತಾರೆ. ಸಿಗ್ನಲ್ ಚೆನ್ನಾಗಿದ್ದರೆ ಸರ್ವರ್ 'ನೀನು SF7ಕ್ಕೆ ಇಳಿ' ಎಂದು ಹೇಳುತ್ತದೆ. ಕಟ್ಟಡದೊಳಗಿನ ಮೀಟರಿಗೆ ಇದು ಸರಿ. ಹೊಲ ಮಾತ್ರ ಬೆಳೆಯುತ್ತದಲ್ಲ! ಬಿತ್ತಿದ ತಿಂಗಳಲ್ಲಿ SF7ಕ್ಕೆ ಇಳಿದ ಪೆಟ್ಟಿಗೆ, ಪಕ್ಕದ ಹೊಲದ ಜೋಳವೋ ಬಾಳೆಯೋ ಎದ್ದು ನಿಂತ ಮೇಲೆ ದನಿ ಕಳೆದುಕೊಳ್ಳಬಹುದು. ಆಗ ಅದು ತಾನಾಗಿ ಮೇಲೆ ಹತ್ತಬೇಕು. ಸಾಮಾನ್ಯ ಹೊಂದಾಣಿಕೆಯಲ್ಲಿ ಉತ್ತರವೇ ಇಲ್ಲದೆ 64 ಸಂದೇಶ ಕಳಿಸಿದ ಮೇಲೆ ಅದಕ್ಕೆ ಅನುಮಾನ ಬರುತ್ತದೆ, ಇನ್ನೂ 32 ಕಾದು ಮೊದಲ ಹೆಜ್ಜೆ ಇಡುತ್ತದೆ. ಒಟ್ಟು 96, ಅಂದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಹಗಲು ಒಂದು ರಾತ್ರಿ. ಮುಂದಿನ ಒಂದೊಂದು ಹೆಜ್ಜೆಗೂ ಎಂಟೆಂಟು ಗಂಟೆ.

ಆ ಒಂದು ರಾತ್ರಿಯೇ ನಮಗೆ ಮುಖ್ಯವಾದದ್ದು. ಫೋನಿನಲ್ಲಿ ನಿನ್ನೆಯ 'ತೇವ ಸಾಕಷ್ಟಿದೆ' ಎಂಬ ಹಸಿರು ಬಣ್ಣವೇ ಕೂತಿದ್ದರೆ ಭಾವ ನೀರು ಬಿಡುವುದಿಲ್ಲ. ಆದ್ದರಿಂದ ADR ನಿಲ್ಲಿಸಿ ಎಲ್ಲ ಪೆಟ್ಟಿಗೆಗಳನ್ನೂ SF9ರಲ್ಲಿ ಕಟ್ಟಿಹಾಕಿದೆ. SF7 ಸಾಕಾಗಿತ್ತು ನಿಜ. ಎರಡು ಮೆಟ್ಟಿಲ ಐದು ಡೆಸಿಬಲ್ ಮಳೆಗಾಲಕ್ಕೆ ಮೀಸಲು, ಅದಕ್ಕೆ ತೆರುವುದು ದಿನಕ್ಕೆ 0.14 ಮಿಲಿಆಂಪ್-ಅವರ್.

ಸಂದೇಶ ತಪ್ಪುತ್ತಿದೆಯೇ ಎಂದು ತಿಳಿಯಲು ಸರ್ವರಿನ ಪರದೆಯಲ್ಲಿ FCnt ಎಂಬ ಸಂಖ್ಯೆ ನೋಡಬೇಕು. ಪ್ರತಿ ಸಂದೇಶಕ್ಕೂ ಅದು ಒಂದೊಂದು ಏರುತ್ತದೆ. 412 ಆದಮೇಲೆ 415 ಬಂದರೆ ಎರಡು ಗಾಳಿಯಲ್ಲಿ ಹೋದವು, ಆಂಟೆನಾ ಅಥವಾ SF ಕಡೆ ನೋಡಿ. 412 ಆದಮೇಲೆ 0 ಬಂದರೆ ಪೆಟ್ಟಿಗೆ ಸತ್ತು ಹುಟ್ಟಿದೆ, ಬ್ಯಾಟರಿ ಇಲ್ಲವೇ ಒಳಗೆ ಹೊಕ್ಕ ನೀರು ಕಾರಣ. ಎರಡು ಕಾಯಿಲೆಗೆ ಎರಡು ಮದ್ದು.

ಭಾವ ಇನ್ನೊಂದು ಕೇಳಿದರು: "ಅಂಗೇ ಮೋಟ್ರೂವೆ ಇದ್ರಲ್ಲೇ ಆಫ್ ಮಾಡ್ಬೋದ?" ಇದೇ ಪೆಟ್ಟಿಗೆಯಲ್ಲಿ ಬೇಡ ಎಂದೆ. ಬ್ಯಾಟರಿ ಉಳಿಸಲೆಂದು ಇದು ತಾನು ಕಳಿಸಿದ ಬೆನ್ನಲ್ಲೇ ಕ್ಷಣಹೊತ್ತು ಕಿವಿ ತೆರೆದು ಮತ್ತೆ ಮಲಗಿಬಿಡುತ್ತದೆ. ನಾವು ಒತ್ತಿದ ಗುಂಡಿ ಹದಿನೈದು ನಿಮಿಷದ ಮೇಲೆ ಅದಕ್ಕೆ ಕೇಳಿಸೀತು. ಮೋಟಾರಿನ ಹತ್ತಿರ ಹೇಗೂ ಕರೆಂಟಿನ ತಂತಿ ಇದೆ, ಅಲ್ಲಿಗೆ ಸದಾ ಎಚ್ಚರವಿರುವ ಬೇರೆ ಜಾತಿಯ ಪೆಟ್ಟಿಗೆ ಬೇಕು. ಕರೆಂಟು ಹೋದಾಗ ಏನು ಮಾಡಬೇಕೆಂಬ ತಲೆನೋವೂ ಅದರ ಜೊತೆಗೆ ಬರುತ್ತದೆ.

ಸದ್ಯಕ್ಕೆ ಅಕ್ಕನ ಫೋನಿನಲ್ಲಿ ಪ್ರತಿ ಹೊಲದ ತೇವದ ಪಕ್ಕದಲ್ಲೇ 'ಎಷ್ಟು ಹೊತ್ತಿನ ಹಿಂದೆ' ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಒಂದು ಗಂಟೆ ದಾಟಿದರೆ, ಅಂದರೆ ಸಾಲಾಗಿ ನಾಲ್ಕು ಸಂದೇಶ ತಪ್ಪಿದರೆ, ಹಸಿರು ಹೋಗಿ ಬೂದು ಬಣ್ಣ ಬರುತ್ತದೆ. ಬೂದು ಕಂಡರೆ ಭಾವ ಟಾರ್ಚು ಹಿಡಿದು ಒಬ್ಬರೇ ಹೊರಡುವುದಿಲ್ಲ, ಬೆಳಗಾಗುವ ತನಕ ಕಾಯುತ್ತಾರೆ. ಅಕ್ಕ ಹಾಕಿದ ಷರತ್ತು ಅದು.