ಹಸಿರು ಚುಕ್ಕೆ ಹೇಳುವುದೆಷ್ಟು, ಬಿಡುವುದೆಷ್ಟು? ಮಂಡ್ಯ ದಾರಿಯ ಕುರುಕಲು ಪೊಟ್ಟಣಗಳು ಮತ್ತು ಜೈನರ ಆಹಾರ ನಿಯಮ

ಬೆಂಗಳೂರು–ಮೈಸೂರು ದಾರಿಯಲ್ಲಿ ಮದ್ದೂರು ಬಂದರೆ ವಡೆಯ ಮಾತು ಬಂದೇ ಬರುತ್ತದೆ. ಆದರೆ ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿಗೋ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೋ ದರ್ಶನಕ್ಕೆ ಹೊರಟ ಜೈನ ಕುಟುಂಬಕ್ಕೆ ವಡೆಯ ವಿಷಯದಲ್ಲಿ ಗೊಂದಲವಿಲ್ಲ. ಮೈದಾ, ರವೆ, ಅಕ್ಕಿ ಹಿಟ್ಟಿನ ನಡುವೆ ಹೆಚ್ಚಿದ ಈರುಳ್ಳಿ ಕಣ್ಣಿಗೇ ಕಾಣುತ್ತದೆ. ಗೊಂದಲ ಶುರುವಾಗುವುದು ಪಕ್ಕದ ಬೇಕರಿಯಲ್ಲಿ ಸಾಲಾಗಿ ತೂಗುಹಾಕಿದ ಪೊಟ್ಟಣಗಳ ಮುಂದೆ. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಿ ನೋಡಿದರೂ ಆ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಇರುತ್ತದೆ. ಸಸ್ಯಾಹಾರಿ ಎಂದಾಯಿತಲ್ಲ ಎಂದು ಮಕ್ಕಳ ಕೈಗೆ ಕೊಡುವವರೇ ಹೆಚ್ಚು.

ಆ ಚುಕ್ಕೆ ಹೇಳುವುದು ಕಾಯಿದೆಯ ಸಸ್ಯಾಹಾರವನ್ನು, ಶ್ರಾವಕರ ಸಸ್ಯಾಹಾರವನ್ನಲ್ಲ. ಎರಡರ ನಡುವಿನ ಅಂತರ ಎಲ್ಲೆಲ್ಲಿದೆ ಎಂದು ತಿಳಿದರೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ಕಷ್ಟವಲ್ಲ.

ಕಾಯಿದೆಯ ವ್ಯಾಖ್ಯೆಯಲ್ಲೇ ಇರುವ ಬಿಡುವು

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿ ಮಾಂಸಾಹಾರಕ್ಕೆ ವ್ಯಾಖ್ಯೆ ಕೊಟ್ಟಿದೆ. ಪ್ರಾಣಿ, ಪಕ್ಷಿ, ಕೀಟ, ಜಲಚರ, ಮೊಟ್ಟೆ ಅಥವಾ ಪ್ರಾಣಿಮೂಲದ ಯಾವುದೇ ವಸ್ತು ಸೇರಿದ್ದರೆ ಅದು ಮಾಂಸಾಹಾರ. ಆದರೆ ಹಾಲು, ಹಾಲಿನ ಉತ್ಪನ್ನಗಳ ಜೊತೆಗೆ ಜೇನುತುಪ್ಪ, ಜೇನುಮೇಣ ಮತ್ತು ಅರಗನ್ನೂ ಈ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಅಂದರೆ ಇವು ಇದ್ದರೂ ಹಸಿರು ಚುಕ್ಕೆ ಹಾಕುವುದು ಪೂರ್ತಿ ಕಾನೂನುಬದ್ಧ.

ಮದ್ಯ, ಮಾಂಸ, ಮಧು ಮತ್ತು ಐದು ಉದುಂಬರ ಫಲಗಳ ತ್ಯಾಗ ಶ್ರಾವಕರ ಅಷ್ಟಮೂಲಗುಣ. ಜೇನು ಸವರಿದ ಗೋಡಂಬಿ, ಜೇನು ಸೇರಿಸಿದ ಓಟ್ಸ್ ಬಿಸ್ಕತ್ತು, ಅಂಜೂರದ ಬಾರ್, ಇವೆಲ್ಲ ಹಸಿರು ಚುಕ್ಕೆಯ ಅಡಿಯಲ್ಲೇ ಬರುತ್ತವೆ. ಇವುಗಳಲ್ಲಿ ಸಂಕೇತ ಸಂಖ್ಯೆಯನ್ನು ಹುಡುಕಬೇಕಾಗಿಯೂ ಇಲ್ಲ. ಪಟ್ಟಿಯಲ್ಲಿ 'ಹನಿ', 'ಫಿಗ್' ಅಥವಾ 'ಅಂಜೀರ್' ಎಂದು ನೇರವಾಗಿಯೇ ಬರೆದಿರುತ್ತದೆ.

ಸಂಖ್ಯೆಯ ಮರೆಯಲ್ಲಿ ಬರುವುದು ಜೇನುಮೇಣ ಮತ್ತು ಅರಗು. ಹೊಳಪಿನ ಲೇಪವಿರುವ ಸಕ್ಕರೆ ಮಿಠಾಯಿ, ಚಾಕೊಲೇಟ್ ಸವರಿದ ಬಾದಾಮಿಯಂಥವುಗಳಲ್ಲಿ 'ಗ್ಲೇಜಿಂಗ್ ಏಜೆಂಟ್' ಎಂಬ ಪದದ ಮುಂದೆ ಐಎನ್‌ಎಸ್ 901 ಎಂದಿದ್ದರೆ ಅದು ಜೇನುಮೇಣ, 904 ಎಂದಿದ್ದರೆ ಅರಗು. ಅರಗಿನ ಹುಳು ಕೊಂಬೆಯ ಮೇಲೆ ಸ್ರವಿಸಿದ ಅಂಟನ್ನು ಕೆರೆದು, ಸಂಸ್ಕರಿಸಿ ತಯಾರಿಸುವುದು ಈ 904. ಕೆರೆಯುವಾಗ ಹುಳುಗಳೂ ಅದರೊಳಗೇ ಸೇರಿಹೋಗುತ್ತವೆ.

ಮಸಾಲೆ ಎಂಬ ಮುಚ್ಚಳ

ಎರಡನೆಯ ಅಂತರ ಕಂದಮೂಲದ್ದು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮೊದಲ ಪದವೇ ಹೆಚ್ಚು ತೂಕದ್ದು. ಆದರೆ ಕೆಲವು ಪದಾರ್ಥಗಳನ್ನು ಬಿಡಿಬಿಡಿಯಾಗಿ ಹೇಳದೆ ಒಂದೇ ಹೆಸರಿನಡಿ ಸೇರಿಸಲು ಅನುಮತಿಯೂ ಇದೆ. 'ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್' ಅಂಥ ಒಂದು ಹೆಸರು. ಸಾಂಬಾರ ಮಂಡಳಿಯ ಅಧಿಕೃತ 52 ಸಾಂಬಾರ ಪದಾರ್ಥಗಳ ಪಟ್ಟಿಯಲ್ಲಿ ಬೆಳ್ಳುಳ್ಳಿಯೂ ಇದೆ. ಹಾಗಾಗಿ ಈ ಪದದೊಳಗೆ ಮೆಣಸು, ಜೀರಿಗೆಯ ಜೊತೆ ಬೆಳ್ಳುಳ್ಳಿ ಇದ್ದರೂ ಗೊತ್ತಾಗುವುದಿಲ್ಲ.

ಇನ್ನೊಂದು ರಿಯಾಯಿತಿ 'ಸೀಸನಿಂಗ್' ಥರದ ಮಿಶ್ರ ಪದಾರ್ಥಗಳದ್ದು. ಇಂಥ ಮಿಶ್ರಣ ಒಟ್ಟು ತಿನಿಸಿನ ತೂಕದಲ್ಲಿ 5%ಕ್ಕಿಂತ ಕಡಿಮೆಯಿದ್ದರೆ ಅದರೊಳಗಿನ ಪದಾರ್ಥಗಳನ್ನು ಬಿಡಿಸಿ ಬರೆಯಲೇಬೇಕೆಂದಿಲ್ಲ. ಬಿಡಿಸಬೇಕಾದದ್ದು ಸೇರ್ಪಡೆ ರಾಸಾಯನಿಕಗಳನ್ನು ಮಾತ್ರ. ಹೀಗಾಗಿ ಮಸಾಲೆಯಲ್ಲಿರುವ ರುಚಿವರ್ಧಕದ ಸಂಖ್ಯೆ ಪೊಟ್ಟಣದ ಮೇಲೆ ಬಂದು, ಅದೇ ಮಸಾಲೆಯಲ್ಲಿರುವ ಈರುಳ್ಳಿ ಪುಡಿ ಬಾರದೆ ಇರಬಹುದು. ಅನೇಕ ತಯಾರಕರು ತಾವಾಗಿಯೇ 'ಆನಿಯನ್ ಪೌಡರ್', 'ಗಾರ್ಲಿಕ್ ಪೌಡರ್' ಎಂದು ಬರೆಯುತ್ತಾರೆ ಎನ್ನುವುದು ನಿಜ. ಆದರೆ ಬರೆದಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಾಗುವುದಿಲ್ಲ.

ಬಣ್ಣಗಳಲ್ಲೂ ಇದೇ ಪ್ರಶ್ನೆಯಿದೆ. ಸಂಖ್ಯೆ 100 ಅರಿಶಿನದಿಂದ ತೆಗೆದದ್ದು, 162 ಬೀಟ್‌ರೂಟಿನದ್ದು. ಎರಡೂ ನೈಸರ್ಗಿಕ, ಎರಡಕ್ಕೂ ಹಸಿರು ಚುಕ್ಕೆ. ಒಣಗಿದ ಅರಿಶಿನವನ್ನು ಸಂಪ್ರದಾಯ ಒಪ್ಪಿದೆ, ಬೀಟ್‌ರೂಟನ್ನು ಕಂದಮೂಲವೆಂದು ಬಿಡುತ್ತದೆ. 'ನ್ಯಾಚುರಲ್ ಕಲರ್' ಎಂಬ ಭರವಸೆಯ ಪದ ಈ ಎರಡನ್ನು ಬೇರೆ ಮಾಡಿ ತೋರಿಸುವುದಿಲ್ಲ. ತೋರಿಸುವುದು ಸಂಖ್ಯೆ ಮಾತ್ರ.

631: ಸುಳ್ಳು ಸುದ್ದಿ ಮತ್ತು ನಿಜವಾದ ಪ್ರಶ್ನೆ

ಸಂಕೇತ ಸಂಖ್ಯೆಗಳೆಲ್ಲ ಹಂದಿಯ ಕೊಬ್ಬು ಎಂಬ ಪಟ್ಟಿಯೊಂದು ವಾಟ್ಸಾಪ್‌ನಲ್ಲಿ ವರ್ಷಗಳಿಂದ ತಿರುಗುತ್ತಿದೆ. ಅದು ಸುಳ್ಳು. ಸಂಖ್ಯೆ ಇರುವುದು ವಸ್ತು ಯಾವುದೆಂದು ತಿಳಿಸಲು. ಆ ವಸ್ತು ಎಲ್ಲಿಂದ ಬಂತು ಎಂಬುದನ್ನು ಅದು ಹೇಳುವುದಿಲ್ಲ. ಖಾರದ ಕುರುಕಲುಗಳಲ್ಲಿ 627ರ ಜೊತೆಜೊತೆಗೇ ಕಾಣುವ 631 ಒಂದು ರುಚಿವರ್ಧಕ. ಇದನ್ನು ಮಾಂಸ, ಮೀನಿನಿಂದಲೂ ತೆಗೆಯಬಹುದು, ಮರಗೆಣಸಿನ ಪಿಷ್ಟ ಅಥವಾ ಸಕ್ಕರೆಯನ್ನು ಹುದುಗಿಸಿಯೂ ತಯಾರಿಸಬಹುದು. ಬಿಸ್ಕತ್ತು, ಕೇಕುಗಳಲ್ಲಿ ಎಣ್ಣೆ ಮತ್ತು ನೀರನ್ನು ಬೆರೆಸಿಡುವ 471ರ ಕಥೆಯೂ ಅಷ್ಟೇ. ತಾಳೆ ಎಣ್ಣೆಯಿಂದ ಬಂದ 471ಕ್ಕೂ ಪ್ರಾಣಿಕೊಬ್ಬಿನಿಂದ ಬಂದ 471ಕ್ಕೂ ಲೇಬಲ್‌ನಲ್ಲಿ ವ್ಯತ್ಯಾಸವಿಲ್ಲ.

ಈ ಪ್ರಶ್ನೆ ದೆಹಲಿ ಹೈಕೋರ್ಟಿಗೂ ಹೋಗಿತ್ತು. ರಾಮ್ ಗೌವಾ ರಕ್ಷಾ ದಳ ಎಂಬ ಸಂಸ್ಥೆಯ ಅರ್ಜಿಯ ಮೇಲೆ 2021ರ ಡಿಸೆಂಬರ್ 9ರಂದು ಆದೇಶ ನೀಡಿದ ನ್ಯಾಯಪೀಠ, 631ನ್ನೇ ಉದಾಹರಣೆಯಾಗಿ ಎತ್ತಿಕೊಂಡಿತು. ಪದಾರ್ಥಗಳನ್ನು ಸಂಕೇತದಲ್ಲಿ ಹೇಳಿದರಷ್ಟೇ ಸಾಲದು, ಅದು ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಪ್ರಯೋಗಾಲಯದಲ್ಲಿ ತಯಾರಾದದ್ದೋ ಎಂಬುದನ್ನೂ ಪೂರ್ತಿಯಾಗಿ ತಿಳಿಸಬೇಕು ಎಂದಿತು. ಪ್ರಾಣಿಮೂಲದ ವಸ್ತು ಎಷ್ಟೇ ಅಲ್ಪ ಪ್ರಮಾಣದಲ್ಲಿದ್ದರೂ ಆ ತಿನಿಸು ಮಾಂಸಾಹಾರವೇ ಎಂಬುದನ್ನೂ ಸ್ಪಷ್ಟಪಡಿಸಿತು.

ಹಾಗಾಗಿ ಹಸಿರು ಚುಕ್ಕೆಯ ಜೊತೆ 631 ಕಂಡರೆ, ತನ್ನದು ಪ್ರಾಣಿಮೂಲದ್ದಲ್ಲ ಎಂದು ತಯಾರಕರು ಕಾಯಿದೆಯ ಹೊಣೆ ಹೊತ್ತಿದ್ದಾರೆ ಎಂದರ್ಥ. ಆ ಮಾತು ಸುಳ್ಳಾದರೆ ಅದು ಅಪರಾಧ. ಆದರೆ ಮೂಲ ಯಾವುದೆಂದು ಪೊಟ್ಟಣದ ಮೇಲೆ ಬರೆಯದೆ ಸಂಖ್ಯೆಯನ್ನಷ್ಟೇ ಮುದ್ರಿಸುವುದು ಇನ್ನೂ ಸಾಮಾನ್ಯ.

ಬಣ್ಣ ಮತ್ತು ಸಂರಕ್ಷಕ

ರಾಜ್ಯದಲ್ಲಿ ಬಣ್ಣದ ಸುದ್ದಿ ದೊಡ್ಡದಾದದ್ದು 2024ರ ಮಾರ್ಚ್‌ನಲ್ಲಿ. ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡ ಮೇಲೆ ಅದಕ್ಕೂ ಬಣ್ಣದ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬಳಸುವುದನ್ನು ಸರ್ಕಾರ ನಿಷೇಧಿಸಿತು. ಅಲ್ಲಿ ಸಿಕ್ಕ ರೋಡಮೈನ್-ಬಿ ಆಹಾರದ ಬಣ್ಣವೇ ಅಲ್ಲ. ಅದನ್ನು ಯಾವ ಲೇಬಲ್‌ನಲ್ಲೂ ಕಾಣಲು ಸಾಧ್ಯವಿಲ್ಲ. ಪೊಟ್ಟಣದ ಮೇಲೆ ಕಾಣುವ 102, 110, 122, 124, 133 ಇವು ಮಿತಿಯೊಳಗೆ ಬಳಸಲು ಅನುಮತಿಯಿರುವ ಕೃತಕ ಬಣ್ಣಗಳು. ಆರೋಗ್ಯದ ದೃಷ್ಟಿಯಿಂದ ಇವನ್ನು ಬಿಡುವವರಿದ್ದಾರೆ, ಆದರೆ ಇವು ಪ್ರಾಣಿಮೂಲದವಲ್ಲ. ಕೀಟದಿಂದ ಬರುವ ಕೆಂಪು ಬಣ್ಣದ ಸಂಖ್ಯೆ 120. ವಿದೇಶಿ ಮಿಠಾಯಿಗಳಲ್ಲಿ ಇದನ್ನು ಮುಖ್ಯವಾಗಿ ನೋಡಬೇಕು.

ಸಂರಕ್ಷಕಗಳ ಸಂಖ್ಯೆ 200ರಿಂದ ಶುರು. ಸಾಸ್, ಜ್ಯೂಸಿನ 211, ಬ್ರೆಡ್ಡಿನ 282, ಒಣಹಣ್ಣಿನ 220 ಇವೂ ಪ್ರಾಣಿಮೂಲದವಲ್ಲ. ಇವುಗಳಿಂದ ಏಳುವ ಪ್ರಶ್ನೆ ಮರ್ಯಾದೆಯದ್ದು, ಅಂದರೆ ಆಹಾರದ ಕಾಲಮಿತಿಯದ್ದು. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮಿತಿಯನ್ನು ದಿಗಂಬರ ಸಂಪ್ರದಾಯ ಹೇಳುತ್ತದೆ. ಸಂರಕ್ಷಕ ಹಿಗ್ಗಿಸುವುದು ಕಾಯಿದೆಯ 'ಬೆಸ್ಟ್ ಬಿಫೋರ್' ದಿನಾಂಕವನ್ನು. ಮರ್ಯಾದೆಯನ್ನು ಅದು ಹಿಗ್ಗಿಸಲಾರದು. ವ್ರತದಲ್ಲಿರುವವರು ಪೊಟ್ಟಣದ ತಿನಿಸನ್ನೇ ಮುಟ್ಟದಿರುವುದು ಈ ಕಾರಣಕ್ಕೆ.

ಎರಡು ಪೊಟ್ಟಣ, ಎರಡು ಓದು

ಮದ್ದೂರಿನ ಬೇಕರಿಯಲ್ಲಿ ಮಸಾಲೆ ಕಡ್ಡಿಯ ಪೊಟ್ಟಣವೊಂದನ್ನು ತಿರುಗಿಸಿದರೆ ಸಾಮಾನ್ಯವಾಗಿ ಕಾಣುವ ಪಟ್ಟಿ ಹೀಗಿರುತ್ತದೆ: ಅಕ್ಕಿ ಹಿಟ್ಟು, ತಾಳೆ ಎಣ್ಣೆ, ಜೋಳದ ಹಿಟ್ಟು, ಸೀಸನಿಂಗ್ (ಸಾಂಬಾರ ಪದಾರ್ಥಗಳು, ಉಪ್ಪು, ಸಕ್ಕರೆ, 330, 627, 631). ಮೊದಲ ಮೂರು ಸರಿ. 330 ಎಂದರೆ ಸಿಟ್ರಿಕ್ ಆಮ್ಲ, ಹುಳಿಗಾಗಿ ಹಾಕಿದ್ದು. ತಯಾರಾಗುವುದು ಸಕ್ಕರೆಯ ಹುದುಗುವಿಕೆಯಿಂದ. ಉಳಿಯುವುದು ಎರಡು ಪ್ರಶ್ನೆ: ಸಾಂಬಾರ ಪದಾರ್ಥಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದೆಯೆ? 631ರ ಮೂಲ ಯಾವುದು? ಮೂಲ ಮರಗೆಣಸು ಎಂಬ ಉತ್ತರ ಬಂದರೂ ಕಂದಮೂಲದ ವಿಚಾರ ಮುಗಿಯುವುದಿಲ್ಲ ಎನ್ನುವ ಮನೆಗಳೂ ಇವೆ.

ಅದೇ ಅಂಗಡಿಯ ಇನ್ನೊಂದು ಮೊಳೆಯಲ್ಲಿ ಊರಿನ ಸಣ್ಣ ಘಟಕದ ಕೋಡುಬಳೆ ತೂಗುತ್ತಿರುತ್ತದೆ: ಅಕ್ಕಿ ಹಿಟ್ಟು, ಹುರಿಗಡಲೆ, ಕೊಬ್ಬರಿ, ಮೆಣಸಿನಪುಡಿ, ಇಂಗು, ಎಣ್ಣೆ, ಉಪ್ಪು. ಒಂದೂ ಸಂಖ್ಯೆಯಿಲ್ಲ. ಓದಿಗೆ ಇದು ಹಗುರ, ಆದರೆ ಇಲ್ಲಿನ ಸಂದೇಹ ಲೇಬಲ್‌ಗೆ ಸಿಗದಂಥದ್ದು. ಈರುಳ್ಳಿಯ ನಿಪ್ಪಟ್ಟನ್ನು ಕರಿದ ಎಣ್ಣೆಯಲ್ಲೇ ಕೋಡುಬಳೆಯನ್ನೂ ಕರಿದಿದ್ದರೆ ಅದನ್ನು ಬರೆಯಬೇಕೆಂಬ ನಿಯಮವಿಲ್ಲ. ಒಂದು ಅನುಕೂಲವೆಂದರೆ ಇಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ತಯಾರಿಸಿದವರು ಮಳವಳ್ಳಿಯಲ್ಲೋ ಮಂಡ್ಯದಲ್ಲೋ ಇರುತ್ತಾರೆ, ಅಂಗಡಿಯವರಿಗೆ ಪರಿಚಿತರಾಗಿರುತ್ತಾರೆ.

ದೊಡ್ಡ ತಯಾರಕರನ್ನು ಕೇಳಲು ಗ್ರಾಹಕ ಸೇವೆಯ ದೂರವಾಣಿ ಅಥವಾ ಇಮೇಲ್ ಪೊಟ್ಟಣದ ಮೇಲೆ ಇರಲೇಬೇಕು. ಬ್ಯಾಚ್ ಸಂಖ್ಯೆಯನ್ನು ಹೇಳಿ, ಮೇಲಿನ ಎರಡು ಪ್ರಶ್ನೆಗಳನ್ನು ಬರಹದಲ್ಲಿ ಕೇಳುವುದು ಒಳ್ಳೆಯದು. ಫೋನಿನಲ್ಲಿ 'ಇದು ವೆಜ್' ಎಂಬ ಉತ್ತರವಷ್ಟೇ ಬರುತ್ತದೆ, ಬರಹದಲ್ಲಿ ಪ್ರಶ್ನೆಯನ್ನು ತಪ್ಪಿಸುವುದು ಕಷ್ಟ. ಕೆಲವು ಪೊಟ್ಟಣಗಳ ಮೇಲೆ 'ಜೈನ್' ಎಂದೇ ಮುದ್ರಿಸಿರುತ್ತಾರೆ. ಆ ಪದಕ್ಕೆ ಲೇಬಲ್ ನಿಯಮಾವಳಿಯಲ್ಲಿ ವ್ಯಾಖ್ಯೆಯಿಲ್ಲ. ಅದು ತಯಾರಕರ ಸ್ವಂತ ಮಾತು. ಅಂಥ ಪೊಟ್ಟಣದ ಪಟ್ಟಿಯನ್ನೂ ಓದಲೇಬೇಕು.

ಲೇಬಲ್ಲಿನ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕೆಂಬುದು ಲೇಬಲ್ ನಿಯಮಾವಳಿಯ ನಿಯಮ. ಮನೆಯ ಹಿರಿಯರಿಗೆ ಆ ಅಕ್ಷರಗಳು ಅಡ್ಡಿಯಾಗಬಹುದು, ಆದರೆ ಅಂಕಿಗಳು ಎಲ್ಲರಿಗೂ ಒಂದೇ. 120, 901, 904 ಕಂಡರೆ ಬಿಡುವುದು. 162 ಕಂದಮೂಲವೆಂದು ಬಿಡುವುದು. 471, 627, 631 ಕಂಡರೆ ಕೇಳುವುದು. ಈ ಏಳು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಪ್ರಯಾಣದ ಚೀಲದಲ್ಲಿಟ್ಟುಕೊಂಡರೆ, ಅಜ್ಜಿಯೂ ಮೊಮ್ಮಗನ ಕೈಯ ಪೊಟ್ಟಣವನ್ನು ತಿರುಗಿಸಿ ನೋಡಬಲ್ಲರು.